ಸಪ್ಪೆ ಹೆಸರುಗಳ ಪಟ್ಟಿ ಕಳೆಗಟ್ಟಬೇಕಾದರೆ: ಪದ ಬದಲಿಸುವ, ಅನುವಾದಿಸುವ, ಅಪರೂಪದ ಮಾತು ಹುಡುಕುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಹೊಸದಾಗಿ ಅಂಗಡಿ ಇಡುವವರು, ಮನೆಯಿಂದಲೇ ಸಣ್ಣ ವ್ಯಾಪಾರ ಶುರು ಮಾಡುವವರು ಹೆಸರಿಗೆಂದು ಕೂತರೆ ಅರ್ಧ ಗಂಟೆಯಲ್ಲಿ ಹತ್ತಿಪ್ಪತ್ತು ಹೆಸರು ಬರೆದುಬಿಡುತ್ತಾರೆ. ಆಮೇಲೆ ಓದಿ ನೋಡಿದರೆ ಒಂದೂ ಹಿಡಿಸುವುದಿಲ್ಲ. ಕಾಗದ ಹರಿದು ಹಾಕಿ ಮೊದಲಿಂದ ಯೋಚಿಸುತ್ತಾರೆ, ತಿರುಗಿ ಅವೇ ಹೆಸರು ಬರುತ್ತವೆ. ಆ ಪಟ್ಟಿಯನ್ನು ಹರಿಯಬೇಡಿ. ನಿಮ್ಮ ವ್ಯಾಪಾರ ಯಾವುದರ ಬಗ್ಗೆ ಅನ್ನುವುದನ್ನು ಅದು ಸರಿಯಾಗಿಯೇ ಹೇಳಿರುತ್ತದೆ. ಹೇಳಲು ಬಳಸಿದ ಪದಗಳು ಮಾತ್ರ ಎಲ್ಲರ ಕೈಯಲ್ಲೂ ಸವೆದವು. ಹೀಗಾಗಿ ವಿಷಯವನ್ನು ಹಾಗೇ ಇಟ್ಟುಕೊಂಡು ಒಂದೊಂದೇ ಪದವನ್ನು ಬದಲಿಸುತ್ತ ಹೋಗುವುದು ಹೊಸದಾಗಿ ಯೋಚಿಸುವುದಕ್ಕಿಂತ ಬೇಗ ಫಲ ಕೊಡುತ್ತದೆ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಬನಶಂಕರಿಯ ಅಕ್ಕತಂಗಿಯರಿಬ್ಬರು ಮನೆಗಳ ತಾರಸಿಯ ಮೇಲೆ ತರಕಾರಿ ತೋಟ ಮಾಡಿಕೊಡುವ ಕೆಲಸ ಶುರು ಮಾಡುತ್ತಿದ್ದಾರೆ ಎಂದು ಇಟ್ಟುಕೊಳ್ಳಿ. ಮಣ್ಣು ಕಲಸಿ ತರುತ್ತಾರೆ, ಚೀಲ ಮತ್ತು ಕುಂಡ ಜೋಡಿಸುತ್ತಾರೆ, ಟೊಮೆಟೊ, ಬದನೆ, ಸೊಪ್ಪಿನ ಸಸಿ ನೆಡುತ್ತಾರೆ, ಎರಡು ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಗಿರಾಕಿಗಳು ಜಯನಗರ, ಪದ್ಮನಾಭನಗರ, ಜೆ.ಪಿ. ನಗರದವರು. ಅವರಲ್ಲಿ ಕನ್ನಡದವರ ಜೊತೆ ತಮಿಳು, ತೆಲುಗು, ಹಿಂದಿ ಮಾತಾಡುವವರೂ ಇದ್ದಾರೆ. ಅವರ ಮೊದಲ ಪಟ್ಟಿ ಹೀಗಿದೆ:

ಗ್ರೀನ್ ಲೀಫ್
ನಮ್ಮ ತೋಟ
ಹೋಮ್ ಹಾರ್ವೆಸ್ಟ್
ಟೆರೇಸ್ ಗಾರ್ಡನ್ ಬೆಂಗಳೂರು
ಮಣ್ಣು ಮತ್ತು ಗಿಡ
ನೇಚರ್ ಫ್ರೆಶ್

ಮೊದಲ ಹೆಜ್ಜೆ: ಪ್ರತಿ ಪದ ಯಾವ ಕೆಲಸ ಮಾಡುತ್ತಿದೆ ನೋಡಿ

ಪ್ರತಿಯೊಂದು ಹೆಸರನ್ನೂ ಬಿಡಿಸಿ, ಪದದ ಕೆಳಗೆ ಅದರ ಕೆಲಸ ಬರೆಯಿರಿ. ಸಾಮಾನ್ಯವಾಗಿ ನಾಲ್ಕೇ ಬಗೆ ಸಿಗುತ್ತವೆ: ಜಾಗ ಹೇಳುವ ಪದ, ವಸ್ತು ಹೇಳುವ ಪದ, ಕೆಲಸ ಅಥವಾ ಫಲ ಹೇಳುವ ಪದ, ಭಾವ ಹೇಳುವ ಪದ. 'ಹೋಮ್ ಹಾರ್ವೆಸ್ಟ್' ಜಾಗ ಮತ್ತು ಫಲ. 'ಮಣ್ಣು ಮತ್ತು ಗಿಡ' ಎರಡೂ ವಸ್ತು. 'ಟೆರೇಸ್ ಗಾರ್ಡನ್ ಬೆಂಗಳೂರು' ಜಾಗ, ವಸ್ತು, ಮತ್ತೆ ಜಾಗ. 'ನೇಚರ್ ಫ್ರೆಶ್' ಬರೀ ಭಾವ. ಸಾಬೂನಿಗೂ ಹೊಂದುತ್ತದೆ, ಹಣ್ಣಿನ ರಸಕ್ಕೂ ಹೊಂದುತ್ತದೆ. ಎರಡು ಪದವೂ ಭಾವದ್ದೇ ಆಗಿರುವ ಹೆಸರನ್ನು ಇಲ್ಲೇ ಕೈಬಿಡಿ, ಅದರಲ್ಲಿ ಬದಲಿಸಲು ಹಿಡಿ ಸಿಗುವುದಿಲ್ಲ.

'ನಮ್ಮ' ಅನ್ನುವುದಕ್ಕೆ ಒಂದು ಮಾತು. 2011ರಲ್ಲಿ 'ನಮ್ಮ ಮೆಟ್ರೊ' ಓಡತೊಡಗಿದಾಗ ಆ ಪದದಲ್ಲಿ ನಿಜವಾದ ಬಿಸಿ ಇತ್ತು. ಈಗ ಆಟೊ ಆ್ಯಪ್‌ನಿಂದ ಹಿಡಿದು ರಸ್ತೆ ಬದಿಯ ತಿಂಡಿ ಗಾಡಿಯವರೆಗೆ ಎಲ್ಲ ಕಡೆ 'ನಮ್ಮ' ಇದೆ. ಊರಿನ ಮೇಲಿನ ಪ್ರೀತಿಯನ್ನು ಹೇಳಲು ಬೇರೆ ದಾರಿ ಹುಡುಕುವುದು ಒಳ್ಳೆಯದು. 'ಬೆಂಗಳೂರು' ಎಂಬ ಪದ ಕೂಡ ಹೆಸರಿನಲ್ಲಿ ಬೇಕಿಲ್ಲ, ಬೋರ್ಡಿನ ಕೆಳಗಿನ ಸಾಲಿನಲ್ಲಿ ವಿಳಾಸ ಹೇಗೂ ಬರುತ್ತದೆ.

ಇಷ್ಟು ಮಾಡಿದರೆ ಕೈಯಲ್ಲಿ ಉಳಿಯುವುದು ಕೆಲವೇ ಪದ: ಎಲೆ, ತೋಟ, ಮನೆ, ಸುಗ್ಗಿ ಅಥವಾ ಕೊಯ್ಲು, ತಾರಸಿ, ಮಣ್ಣು, ಗಿಡ, ಹಸಿರು. ಇವುಗಳನ್ನು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಬರೆದು ಪ್ರತಿಯೊಂದರ ಕೆಳಗೆ ಜಾಗ ಬಿಡಿ. ಮುಂದಿನ ಕೆಲಸವೆಲ್ಲ ಈ ಹಾಳೆಯ ಮೇಲೆಯೇ.

ಎರಡನೆಯ ಹೆಜ್ಜೆ: ದೊಡ್ಡ ಪದದಿಂದ ಸಣ್ಣ ಪದಕ್ಕೆ ಇಳಿಯಿರಿ

ಪದ ಬದಲಿಸುವುದು ಅಂದ ಕೂಡಲೇ ಜನ ಸಮಾನಾರ್ಥಕ ಹುಡುಕುತ್ತಾರೆ. ತೋಟ, ಉದ್ಯಾನ, ಉಪವನ, ವನ, ವಾಟಿಕೆ. ಇದರಿಂದ ಹೆಸರು ಬದಲಾಗುತ್ತದೆ, ಸಪ್ಪೆತನ ಹೋಗುವುದಿಲ್ಲ, ಯಾಕೆಂದರೆ ಎಲ್ಲವೂ ಒಂದೇ ಎತ್ತರದಲ್ಲಿರುವ ದೊಡ್ಡ ಪದಗಳು. ಸಾಲದ್ದಕ್ಕೆ 'ವನ', 'ನಂದನ', 'ವಾಟಿಕಾ' ಅಂದರೆ ಈ ಊರಿನವರಿಗೆ ತೋಟಕ್ಕಿಂತ ಮೊದಲು ಲೇಔಟು, ಅಪಾರ್ಟ್‌ಮೆಂಟು ನೆನಪಾಗುತ್ತದೆ.

ಸಮಾನಾರ್ಥಕದ ಬದಲು ಕೆಳಗಿಳಿಯಿರಿ. ತೋಟದ ಒಳಗೆ ಏನಿದೆ? ಪಾತಿ ಇದೆ, ಬದು ಇದೆ, ಸಸಿಮಡಿ ಇದೆ. ಎಲೆಯ ಒಳಗೆ ಹೋದರೆ ಚಿಗುರು, ಕುಡಿ, ತಳಿರು, ಎಸಳು. ಮನೆ ಅಂದರೆ ಜಗಲಿ, ಅಂಗಳ, ಹಿತ್ತಿಲು, ಮಹಡಿ. ಗಿಡ ಅಂದರೆ ಮೊಳಕೆ, ಸಸಿ, ಪೈರು, ಬಳ್ಳಿ. ಮಣ್ಣಿನ ಕೆಳಗೆ ಇಳಿಯುವಾಗ ವಸ್ತುವಿನ ಬದಲು ಅದರ ಸ್ಥಿತಿ ಸಿಗುತ್ತದೆ. ಕೈಯಲ್ಲಿ ಹಿಡಿದರೆ ಉಂಡೆಯಾಗಿ, ಬೆರಳಿಂದ ಒತ್ತಿದರೆ ಉದುರುವ ಮಣ್ಣಿಗೆ 'ಹದ ಬಂದಿದೆ' ಅನ್ನುತ್ತೇವೆ. 'ಹದ' ಅನ್ನುವ ಪದ ಹೊಲದಲ್ಲೂ ಇದೆ, ಅಡುಗೆಮನೆಯ ಪಾಕದಲ್ಲೂ ಇದೆ, ಹೀಗಾಗಿ ನಗರದವರಿಗೂ ಅದು ಹೊರಗಿನದಲ್ಲ. 'ಮಣ್ಣು ಮತ್ತು ಗಿಡ' ಎಂಬ ಸಪ್ಪೆ ಹೆಸರಿನಿಂದ 'ಹದಮಣ್ಣು' ಹುಟ್ಟುವುದು ಹೀಗೆ.

ಈ ಇಳಿತಕ್ಕೆ ಬೇಕಾದ ಪದಗಳು ನಿಘಂಟಿಗಿಂತ ಹೆಚ್ಚಾಗಿ ಆ ಕೆಲಸ ಮಾಡುವವರ ಬಾಯಲ್ಲಿ ಇರುತ್ತವೆ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಕೆಲಸಗಾರರನ್ನು 'ಇದಕ್ಕೆ ಕನ್ನಡದಲ್ಲಿ ಏನಂತಾರೆ' ಎಂದು ಕೇಳಿದರೆ ಪುಸ್ತಕದ ಪದ ಹುಡುಕಿ ಹೇಳುತ್ತಾರೆ. ಅದರ ಬದಲು 'ಅಣ್ಣಾ, ಸಸಿ ಕೀಳೋಕೆ ಮೊದಲು ಏನು ಮಾಡ್ತೀರಾ?', 'ಮಣ್ಣು ಸರಿ ಇಲ್ಲ ಅಂತ ಹೇಗೆ ಗೊತ್ತಾಗುತ್ತೆ?' ಎಂದು ಕೆಲಸದ ಬಗ್ಗೆ ಕೇಳಿ. ಉತ್ತರದಲ್ಲಿ ಪದಗಳು ತಾವಾಗಿ ಬರುತ್ತವೆ. ಮಂಡ್ಯ, ಮೈಸೂರು ಕಡೆಯಿಂದ ಬಂದವರಾದರೆ ಸಸಿ ಬೆಳೆಸುವ ಜಾಗಕ್ಕೆ 'ಒಟ್ಟಲು' ಅಂದಾರು, ಮಲೆನಾಡಿನವರಾದರೆ ನಾಟಿಗೆ ಕಿತ್ತ ಸಸಿಗೆ 'ಅಗೆ' ಅಂದಾರು. ಕೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಉಚ್ಚಾರ ಹೇಗಿತ್ತೋ ಹಾಗೆ.

ಒಂದು ಎಚ್ಚರ. ಕೆಲಸದ ಪದಕ್ಕೆ ಖಚಿತವಾದ ಅರ್ಥ ಇರುತ್ತದೆ. ಎರೆಹುಳು ಗೊಬ್ಬರ ಬಳಸುತ್ತೇವೆ ಎಂದು 'ಎರೆಮಣ್ಣು' ಅಂತ ಹೆಸರಿಟ್ಟರೆ ಕೇಳಲು ಚೆನ್ನಾಗಿದೆ, ಆದರೆ ಎರೆಮಣ್ಣು ಅಂದರೆ ಉತ್ತರ ಕರ್ನಾಟಕದ ಕಪ್ಪು ಭೂಮಿ. ಧಾರವಾಡ, ಗದಗ ಕಡೆಯ ಗಿರಾಕಿ ಅದನ್ನೇ ನಂಬಿ ಬಂದು, ನಿಮ್ಮ ಚೀಲದಲ್ಲಿ ಬೆಂಗಳೂರಿನ ಕೆಮ್ಮಣ್ಣು ಕಂಡರೆ ಮೋಸ ಅನ್ನಿಸುತ್ತದೆ.

ಮೂರನೆಯ ಹೆಜ್ಜೆ: ಅನುವಾದ

ಇಂಗ್ಲಿಷಿನ ಹೆಸರನ್ನು ಪದಕ್ಕೆ ಪದ ಕನ್ನಡಿಸಿದರೆ ಅದು ಬೋರ್ಡಿನ ಅನುವಾದದಂತೆ ಕೇಳುತ್ತದೆ. 'ಗ್ರೀನ್ ಲೀಫ್' 'ಹಸಿರು ಎಲೆ'ಯಾದರೆ ಏನೂ ಆಗಲಿಲ್ಲ. ಸಂಧಿ ಮಾಡಿ 'ಹಸಿರೆಲೆ' ಅಂದರೆ ಸ್ವಲ್ಪ ಜೀವ ಬರುತ್ತದೆ. ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಹೆಸರಿನಲ್ಲಿರುವ ಸಂಗತಿ ನಮ್ಮ ಬದುಕಿನಲ್ಲಿ ನಡೆದಾಗ ನಾವು ಏನನ್ನುತ್ತೇವೆ? 'ಹೋಮ್ ಹಾರ್ವೆಸ್ಟ್' ತೆಗೆದುಕೊಳ್ಳಿ. ನಿಘಂಟು 'ಕೊಯ್ಲು' ಕೊಡುತ್ತದೆ. ಕೊಯ್ಲು ಕುಡುಗೋಲು ಹಿಡಿದು ಮಾಡುವ ಕೆಲಸ. ಬೆಳೆ ಮನೆಗೆ ಬರುವ ಸಂಭ್ರಮಕ್ಕೆ ನಾವು ಇಟ್ಟ ಪದ 'ಸುಗ್ಗಿ'. ಅದರ ಜೊತೆ ಸಂಕ್ರಾಂತಿ ಇದೆ, ಕಣ ಇದೆ, ಎಳ್ಳುಬೆಲ್ಲ ಇದೆ. ಇನ್ನು 'ಹೋಮ್' ಅನ್ನು 'ಮನೆ' ಮಾಡಿದರೆ ದೊಡ್ಡ ಪದವೇ ಉಳಿಯಿತು. ಅಕ್ಕತಂಗಿಯರು ಕೆಲಸ ಮಾಡುವುದು ಮನೆಯ ಮೇಲೆ, ಮಹಡಿಯಲ್ಲಿ. 'ಮಹಡಿಸುಗ್ಗಿ.' ಹಳ್ಳಿಯ ಪದ ಹೋಗಿ ನಗರದ ಕಟ್ಟಡದ ಮೇಲೆ ಕೂತಿತು. ಎರಡೂ ಪದ ಎಲ್ಲರಿಗೂ ಗೊತ್ತು, ಜೊತೆಯಾಗಿ ಕೇಳಿದ್ದು ಮಾತ್ರ ಹೊಸದು. ನನ್ನ ಮಟ್ಟಿಗೆ ಒಳ್ಳೆಯ ಹೆಸರಿನ ಮುಖ್ಯ ಗುಣ ಇದೇ.

ಅನುವಾದದ ಎರಡನೆಯ ದಾರಿ ಕನ್ನಡದ ಒಳಗೇ ಇದೆ. ಹಳಗನ್ನಡದ ಎಷ್ಟೋ ಪದಗಳ ಮೊದಲಿನ 'ಪ'ಕಾರ ಇವತ್ತಿನ ಮಾತಿನಲ್ಲಿ 'ಹ'ಕಾರ ಆಗಿದೆ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಸುರ್ ಹಸಿರಾಯಿತು. ನಿಮ್ಮ ಪದ 'ಹ'ದಿಂದ ಶುರುವಾಗುತ್ತಿದ್ದರೆ ಅದರ ಹಳೆಯ ರೂಪವನ್ನು ಒಮ್ಮೆ ನುಡಿದು ನೋಡಿ. 'ಹಸಿರು' ಹಿಡಿದು ಹೊರಟರೆ 'ಪಚ್ಚೆ' ಹತ್ತಿರದಲ್ಲೇ ಸಿಗುತ್ತದೆ. ಪಚ್ಚೆ ಕರ್ಪೂರ, ಪಚ್ಚೆ ಕಲ್ಲು, ಪಚ್ಚೆ ತೆನೆ ಎಂದು ಅದು ಇನ್ನೂ ಬಳಕೆಯಲ್ಲಿದೆ, ಆದ್ದರಿಂದ ಹಳತಾದರೂ ಕಿವಿಗೆ ಅಪರಿಚಿತವಲ್ಲ. ಹಾಳೆಯಲ್ಲಿ 'ತೋಟ'ದ ಕೆಳಗೆ ಬರೆದಿಟ್ಟ 'ಪಾತಿ'ಯನ್ನು ಪಕ್ಕಕ್ಕೆ ತಂದರೆ 'ಪಚ್ಚೆಪಾತಿ'.

ಮೂರನೆಯ ದಾರಿ ನೆರೆಯ ಭಾಷೆಗಳದು. ಬೆಂಗಳೂರಿನಲ್ಲಿ ಇದು ಬರೀ ಅಲಂಕಾರವಲ್ಲ, ಗಿರಾಕಿಯ ಕಿವಿ ಯಾವುದು ಅನ್ನುವ ಲೆಕ್ಕ. 'ತಳಿರು' ತಮಿಳು, ಮಲಯಾಳಗಳಲ್ಲಿ 'ತಳಿರ್', ಅರ್ಥವೂ ಅದೇ. 'ಚಿಗುರು' ತೆಲುಗಿನಲ್ಲೂ ಚಿಗುರೇ. 'ಪಚ್ಚೆ' ತಮಿಳಿನವರಿಗೆ 'ಪಚ್ಚೈ', ಹಸಿರೇ. ತೆಲುಗಿನ 'ಪಚ್ಚ' ಮಾತ್ರ ಹಸಿರಿಗೂ ಆಗುತ್ತದೆ, ಹಳದಿಗೂ ಆಗುತ್ತದೆ, ಅದರಿಂದ ಇಲ್ಲಿ ತೊಂದರೆ ಇಲ್ಲ. ಹೀಗೆ ಹಲವು ಭಾಷೆಗೆ ಹಂಚಿಹೋದ ಪದವನ್ನು ಹಾಳೆಯ ಮೇಲೆ ಗೆರೆ ಎಳೆದು ಗುರುತಿಸಿಕೊಳ್ಳಿ. ಬೇರೆ ಭಾಷೆಯಿಂದ ಪದವನ್ನೇ ತರುವುದಾದರೆ ಅದು ಕನ್ನಡದಲ್ಲಿ ಏನಾಗುತ್ತದೆ ಎಂದು ನೋಡುವುದು ತಪ್ಪಿಸಬಾರದು. ತುಳುವಿನಲ್ಲಿ ಸೊಪ್ಪಿಗೆ 'ತಪ್ಪು' ಅನ್ನುತ್ತಾರೆ, ನುಗ್ಗೆ ಸೊಪ್ಪು ಅಲ್ಲಿ 'ನುರ್ಗೆ ತಪ್ಪು'. ಮಂಗಳೂರಿನಲ್ಲಿ ಒಪ್ಪುವ ಹೆಸರನ್ನು ಜಯನಗರದ ಬೋರ್ಡಿನ ಮೇಲೆ ಯಾರೂ ಸೊಪ್ಪು ಎಂದು ಓದುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅಪರೂಪದ ಪದ

ಅಪರೂಪದ ಪದಗಳಲ್ಲಿ ಎರಡು ಜಾತಿ. ಒಂದು, ಮರೆತುಹೋಗಿರುವ ಆದರೆ ಕೇಳಿದ ಕೂಡಲೇ ಗುರುತು ಸಿಗುವ ಪದ. ಇನ್ನೊಂದು, ಅರ್ಥ ಹೇಳಿಕೊಟ್ಟ ಮೇಲೂ ನಾಲಗೆಗೆ ಬಾರದ ಪದ. ಮೊದಲನೆಯದು ಬೇಕು, ಎರಡನೆಯದು ಬೇಡ. 'ಕೊನರು' ಮೊದಲ ಜಾತಿಯದು. ದಿನದ ಮಾತಿನಲ್ಲಿ ಯಾರೂ ಹೇಳುವುದಿಲ್ಲ, ಆದರೆ ಬಸವಣ್ಣನವರ 'ಕೊರಡು ಕೊನರುವುದಯ್ಯಾ' ಶಾಲೆಯಲ್ಲಿ ಕಲಿತವರ ಕಿವಿಯಲ್ಲಿ ಉಳಿದಿದೆ. ಒಣಗಿದ ಕಟ್ಟಿಗೆಯೂ ಚಿಗುರುವ ಮಾತು ಅದು, ಗಿಡದ ವ್ಯಾಪಾರಕ್ಕೆ ಇದಕ್ಕಿಂತ ಹೊಂದುವ ನೆನಪು ಸಿಗುವುದು ಕಷ್ಟ. 'ನಿಷ್ಕುಟ' ಎರಡನೆಯ ಜಾತಿ. ಅಮರಕೋಶದಲ್ಲಿ ಮನೆಗೆ ಸೇರಿದ ತೋಟಕ್ಕೆ ಇದೇ ಪದ, ಅರ್ಥದಲ್ಲಿ ಅಕ್ಕತಂಗಿಯರ ಕೆಲಸಕ್ಕೆ ಅಳೆದು ಹೊಲಿದಂತಿದೆ. ಆದರೆ 'ನಿಷ್' ಎಂದು ಶುರುವಾದದ್ದು ನಿಷ್ಫಲ, ನಿಷ್ಕರುಣೆಗಳ ಸಾಲಿಗೆ ಸೇರಿ 'ಇಲ್ಲ' ಅನ್ನುವ ಭಾವ ಹುಟ್ಟಿಸುತ್ತದೆ, ಷ್ಕು ಅನ್ನುವ ಒತ್ತು ಫೋನಿನಲ್ಲಿ ಕೇಳಿಸುವುದೂ ಇಲ್ಲ.

ಹುಡುಕುವುದು ಎಲ್ಲಿ? ಅಲರ್ ನಿಘಂಟಿನ ಜಾಲತಾಣ `alar.ink` ಕೈಗೆ ಹತ್ತಿರದ್ದು. ಕರ್ನಾಟಕ ಸರ್ಕಾರದ 'ಪದಕಣಜ' ಜಾಲತಾಣದಲ್ಲಿ ಹಲವು ಕ್ಷೇತ್ರಗಳ ಪದಕೋಶಗಳು ಒಟ್ಟಿಗೆ ಸಿಗುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಹಳ್ಳಿಯ, ಕಸುಬಿನ ಮಾತುಗಳಿಗೆ ಇವತ್ತಿಗೂ ದೊಡ್ಡ ಆಸರೆ. ಸಮಯವಿದ್ದರೆ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ಹೋಗಿ 8 ಸಂಪುಟಗಳ ಕನ್ನಡ ನಿಘಂಟು ತೆಗೆಯಿರಿ. ಅಲ್ಲಿ ಪ್ರತಿ ಪದಕ್ಕೂ ಹಳೆಯ ಕೃತಿಗಳಿಂದ ಬಳಕೆಯ ಸಾಲು ಕೊಟ್ಟಿದ್ದಾರೆ. ಪದ ಹೊಗಳಿಕೆಯಲ್ಲಿ ಬರುತ್ತಿತ್ತೋ ಬೈಗುಳದಲ್ಲಿ ಬರುತ್ತಿತ್ತೋ ಎಂದು ತಿಳಿಯುವುದು ಆ ಸಾಲುಗಳಿಂದ, ಅರ್ಥದ ಪಟ್ಟಿಯಿಂದಲ್ಲ.

ಹುಡುಕುವ ಕ್ರಮವೂ ಮುಖ್ಯ. ಬೇಕಾದ ಪದವನ್ನು ಮಾತ್ರ ನೋಡಿ ಮುಚ್ಚಬೇಡಿ, ಅದರಿಂದ ಶುರುವಾಗುವ ಜೋಡಿಪದಗಳನ್ನೆಲ್ಲ ಓದಿ. 'ಬಿಸಿಲು' ನೋಡಲು ಹೋದರೆ 'ಬಿಸಿಲುಮಚ್ಚು' ಸಿಗುತ್ತದೆ, ತೆರೆದ ಮಾಳಿಗೆಗೆ ಇರುವ ಹಳೆಯ ಪದ. ಟೆರೇಸಿಗೆ ಇಷ್ಟು ಸುಂದರವಾದ ಮಾತು ಇದೆಯಲ್ಲ ಎಂದು ಯಾರಿಗಾದರೂ ಖುಷಿಯಾಗುತ್ತದೆ.

ಹೆಸರಿನೊಳಗೆ ಒಂದೇ ಅಪರೂಪದ ಪದ ಇರಲಿ, ಅದರ ಪಕ್ಕದ್ದು ಎಲ್ಲರಿಗೂ ಗೊತ್ತಿರುವ ಪದವಾಗಿರಲಿ. ಎರಡೂ ಅಪರೂಪವಾದರೆ ಕೇಳುವವರಿಗೆ ಹಿಡಿಯಲು ಏನೂ ಇರುವುದಿಲ್ಲ. 'ಕೊನರು' ಒಂದೇ ನಿಲ್ಲಬಲ್ಲದು. 'ಕೊನರು ತೋಟ'ವೂ ಆಗುತ್ತದೆ. 'ಕೊನರು ನಿಷ್ಕುಟ' ಯಾರಿಗೂ ಬೇಡ.

ಐದನೆಯ ಹೆಜ್ಜೆ: ಇನ್ನೊಂದು ಅರ್ಥ ಇದೆಯೇ?

ಇಲ್ಲಿ ಆತುರ ಬೇಡ. ಕನ್ನಡದ ಚಿಕ್ಕ ಪದಗಳಿಗೆ ಎರಡು ಮೂರು ಅರ್ಥ ಇರುವುದು ಸಾಮಾನ್ಯ. ಹೆಸರು ಇಟ್ಟವರು ತಮ್ಮ ಅರ್ಥದಲ್ಲೇ ಮುಳುಗಿರುತ್ತಾರೆ, ಹೊರಗಿನವರಿಗೆ ಮೊದಲು ಹೊಳೆಯುವುದು ಇನ್ನೊಂದು.

ಮೇಲೆ ಹೇಳಿದ 'ಬಿಸಿಲುಮಚ್ಚು' ಈ ಪರೀಕ್ಷೆಯಲ್ಲೇ ಬೀಳುತ್ತದೆ. ಈ ಊರಿನಲ್ಲಿ 'ಮಚ್ಚು' ಅಂದರೆ ಎಳನೀರು ಕೊಚ್ಚುವ ಕತ್ತಿ, ಅದಕ್ಕಿಂತ ಹೆಚ್ಚಾಗಿ 'ಮಚ್ಚು ಲಾಂಗು' ಅನ್ನುವ ರೌಡಿಗಳ ಸುದ್ದಿ. ಬಿಸಿಲು ಎಷ್ಟು ಬೆಳಗಿದರೂ ಆ ಚಿತ್ರ ಅಳಿಯುವುದಿಲ್ಲ. 'ಬಿತ್ತು' ಅಂದರೆ ಬೀಜ, ಹಳೆಯ ಒಳ್ಳೆಯ ಪದ. 'ಹಿತ್ತಿಲ ಬಿತ್ತು' ಎಂದು ಜೋಡಿಸಿದರೆ ಎರಡೂ ಪದದ ಎರಡನೆಯ ಅಕ್ಷರ 'ತ್ತ' ಆಗಿ, ನಮ್ಮ ಕಾವ್ಯದ ಪ್ರಾಸದ ಕ್ರಮದಲ್ಲೇ ಕಿವಿಗೆ ತಾಗುತ್ತದೆ. ಆದರೆ ಎದುರಿನವರು ಕೇಳುವುದು 'ಏನು ಬಿತ್ತು?' ಎಂದು. 'ಕುಡಿ' ಚಿಗುರಿನ ತುದಿ, ಬೋರ್ಡಿನ ಮೇಲೆ ಒಂಟಿಯಾಗಿ ನಿಂತರೆ ಬಾರಿನ ಕರೆ. 'ಮಡಿ' ತೋಟದ ಪಾತಿ, ಬಸವನಗುಡಿಯ ಮನೆಗಳಲ್ಲಿ ಒದ್ದೆ ಪಂಚೆ, ಇನ್ನೊಂದು ಅರ್ಥದಲ್ಲಿ ಸಾವು.

ಇಂಥ ಪದವನ್ನು ಉಳಿಸಿಕೊಳ್ಳಲು ಒಂದು ಉಪಾಯ ಇದೆ: ತಪ್ಪು ಅರ್ಥಕ್ಕೆ ದಾರಿ ಮುಚ್ಚುವ ಜೊತೆಪದ ಕೊಡುವುದು. 'ಮಡಿ' ಒಂಟಿಯಾಗಿ ಕಷ್ಟ, 'ಸಸಿಮಡಿ'ಯಲ್ಲಿ ಗೊಂದಲವೇ ಇಲ್ಲ. 'ಕುಡಿ' ಕಷ್ಟ, 'ಕುಡಿಬಳ್ಳಿ' ಸರಿ. 'ಬಿತ್ತು'ವಿಗೆ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ಯಾವ ಪದದ ನಂತರ ಬಂದರೂ ಅದು ವಾಕ್ಯದ ಕೊನೆಯ ಕ್ರಿಯಾಪದದಂತೆ ನಿಲ್ಲುತ್ತದೆ. 'ಬಿತ್ತನೆ' ಮಾಡಿಕೊಂಡರೆ ಮಾತ್ರ ಬಿಡುಗಡೆ.

ಗಾದೆಗಳನ್ನೂ ಇಲ್ಲೇ ನೋಡಬೇಕು. 'ಹಿತ್ತಿಲ ಗಿಡ' ಅಂದ ಕೂಡಲೇ ಕನ್ನಡದವರ ಬಾಯಿ ತಾನಾಗಿ 'ಮದ್ದಲ್ಲ' ಎಂದು ಮುಗಿಸುತ್ತದೆ. ಇದು ದೋಷವೋ ಗುಣವೋ ಎಂಬುದು ನೀವು ಏನು ಮಾರುತ್ತೀರಿ ಅನ್ನುವುದರ ಮೇಲಿದೆ. ತುಳಸಿ, ದೊಡ್ಡಪತ್ರೆ, ಒಂದೆಲಗ ಬೆಳೆಸಿಕೊಡುವವರಾದರೆ ಗಾದೆಗೆ ಎದುರುತ್ತರ ಕೊಡುವ ಧೈರ್ಯದ ಹೆಸರಾಗುತ್ತದೆ. ಟೊಮೆಟೊ, ಬದನೆಗೆ ಆ ಗಾದೆ ಸುಮ್ಮನೆ ಅಡ್ಡ ಬರುತ್ತದೆ.

ಪರೀಕ್ಷೆ ಮಾಡುವ ರೀತಿ ಸರಳ. ವ್ಯಾಪಾರ ಏನೆಂದು ಹೇಳದೆ, ಹೆಸರನ್ನು ಮಾತ್ರ ನಾಲ್ಕೈದು ಜನರಿಗೆ ಹೇಳಿ 'ಇದು ಯಾವುದರ ಅಂಗಡಿ ಇರಬಹುದು?' ಎಂದು ಕೇಳಿ. ಅವರಲ್ಲಿ ಮನೆಯ ಹಿರಿಯರೊಬ್ಬರು, ಕಾಲೇಜಿಗೆ ಹೋಗುವವರೊಬ್ಬರು, ಕನ್ನಡ ಮನೆಮಾತಲ್ಲದವರೊಬ್ಬರು ಇರಲಿ. 'ಚೆನ್ನಾಗಿದೆಯಾ?' ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ.

ಆರನೆಯ ಹೆಜ್ಜೆ: ಕಿವಿ, ಬೋರ್ಡು, ಇಂಗ್ಲಿಷ್ ಅಕ್ಷರ

ಉಳಿದ ಹೆಸರುಗಳನ್ನು ಮಾತ್ರೆ ಎಣಿಸಿ ನೋಡಿ. ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. 'ಮಹಡಿ' ಮೂರು, 'ಸುಗ್ಗಿ' ಮೂರು. 'ಪಚ್ಚೆ' ಮೂರು, 'ಪಾತಿ' ಮೂರು. ಎರಡೂ ಭಾಗ ಸಮವಾಗಿರುವುದರಿಂದ ಇವನ್ನು ಕೂಗಿ ಕರೆದಾಗ ಎಲ್ಲೂ ಎಡವುವುದಿಲ್ಲ. ಎಲ್ಲ ಹೆಸರೂ ಹೀಗೆ ಸಮವಾಗಲೇಬೇಕೆಂದಿಲ್ಲ, ಆದರೆ ಎರಡು ಹೆಸರುಗಳ ನಡುವೆ ತೀರ್ಮಾನ ಆಗದಿದ್ದಾಗ ಈ ಎಣಿಕೆ ನೆರವಾಗುತ್ತದೆ.

ಆಮೇಲೆ ಫೋನಿನ ಪರೀಕ್ಷೆ. ರಸ್ತೆಯ ಗದ್ದಲದಲ್ಲಿ ನಿಂತು, ಗೆಳೆಯರೊಬ್ಬರಿಗೆ ಫೋನ್ ಮಾಡಿ ಹೆಸರನ್ನು ಒಮ್ಮೆ ಮಾತ್ರ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಕಳಿಸಲು ಹೇಳಿ. ಅವರು ಬರೆದದ್ದೇ ನಿಮ್ಮ ಗಿರಾಕಿ ಹುಡುಕುವಾಗ ಒತ್ತುವ ಅಕ್ಷರಗಳು. ಇಂಗ್ಲಿಷಿಗೆ ಹೋದಾಗ ಕನ್ನಡದ ಹ್ರಸ್ವ ದೀರ್ಘ, ಲ ಳ, ನ ಣ, ತ ಟ ಎಲ್ಲ ಕಲಸಿಹೋಗುತ್ತವೆ. ನಾವು 'ತ'ಕ್ಕೆ `th` ಬರೆಯುತ್ತೇವೆ, ಉತ್ತರದವರು `t` ಬರೆಯುತ್ತಾರೆ. 'ತಳಿರು' ಒಬ್ಬರಿಗೆ `thaliru`, ಇನ್ನೊಬ್ಬರಿಗೆ `taliru`. 'ಪಚ್ಚೆಪಾತಿ'ಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲೇ: `pachepathi` ಎಂದು ಬರೆದರೆ ಓದುವವರು 'ಪತಿ' ಎಂದು ಓದುತ್ತಾರೆ, ತೋಟ ಹೋಗಿ ಗಂಡ ಬಂದ. `paathi` ಎಂದು ಎರಡು `a` ಹಾಕಬಹುದು, ಆದರೆ ಗಿರಾಕಿ ಹಾಕುತ್ತಾರೆ ಎಂಬ ಭರವಸೆ ಇಲ್ಲ. `mahadisuggi`, `konaru`, `hadamannu` ಮೂರಕ್ಕೂ ಈ ತೊಡಕು ಕಡಿಮೆ, ಹೆಚ್ಚಿನವರು ಒಂದೇ ರೀತಿ ಬರೆಯುತ್ತಾರೆ.

ಬೋರ್ಡನ್ನು ಕೊನೆಗೆ ಬಿಡಬೇಡಿ. 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಹೆಸರು ಮೊದಲು ಕನ್ನಡ ಲಿಪಿಯಲ್ಲಿ ಚೆಂದ ಕಾಣಬೇಕು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ನೋಡಿ. 'ಗ್ರೀನ್ ಲೀಫ್'ನಂಥ ಇಂಗ್ಲಿಷ್ ಹೆಸರುಗಳು ಕನ್ನಡ ಲಿಪಿಯಲ್ಲಿ ಅರ್ಧಾಕ್ಷರಗಳಿಂದ ತುಂಬಿ ಕಳೆಗುಂದುವುದು ಆಗ ಕಾಣುತ್ತದೆ. 'ಮಹಡಿಸುಗ್ಗಿ'ಯಲ್ಲಿ ಒಂದೇ ಒತ್ತು, ಮಿಕ್ಕದ್ದೆಲ್ಲ ಬಿಡಿ ಅಕ್ಷರ.

ಏಳನೆಯ ಹೆಜ್ಜೆ: ಹೆಸರು ಖಾಲಿ ಇದೆಯೇ?

ಎರಡೋ ಮೂರೋ ಹೆಸರು ಉಳಿದಾಗ ಟ್ರೇಡ್‌ಮಾರ್ಕ್ ನೋಡಿ. ಐಪಿ ಇಂಡಿಯಾ ಜಾಲತಾಣದ ಸಾರ್ವಜನಿಕ ಹುಡುಕಾಟದಲ್ಲಿ ಅಕ್ಷರ ನೋಡಿ ಹುಡುಕುವ `Wordmark` ಜೊತೆಗೆ ಉಚ್ಚಾರ ನೋಡಿ ಹುಡುಕುವ `Phonetic` ಆಯ್ಕೆಯೂ ಇದೆ. ಕನ್ನಡ ಪದಗಳಿಗೆ ಎರಡನೆಯದು ತುಂಬ ಮುಖ್ಯ, ಏಕೆಂದರೆ ಮೊದಲೇ ನೋಂದಾಯಿಸಿದವರು ಬೇರೆ ಇಂಗ್ಲಿಷ್ ಕಾಗುಣಿತ ಬಳಸಿರಬಹುದು. ವರ್ಗವನ್ನೂ ಸರಿಯಾಗಿ ಆರಿಸಬೇಕು: ಸಸಿ ಮತ್ತು ಬೀಜ 31ನೆಯ ವರ್ಗ, ಕುಂಡಕ್ಕೆ ಹಾಕುವ ಮಣ್ಣು ಮತ್ತು ಗೊಬ್ಬರ 1ನೆಯ ವರ್ಗ, ತೋಟ ಮಾಡಿಕೊಡುವ ಸೇವೆ 44ನೆಯ ವರ್ಗ. ಅಕ್ಕತಂಗಿಯರ ಮುಖ್ಯ ಕೆಲಸ ಸೇವೆ, ಆದ್ದರಿಂದ ಮೊದಲು 44.

ಪದ ಬದಲಿಸಿದ್ದರ ಲಾಭ ಇಲ್ಲಿ ಕಾನೂನಿನಲ್ಲೂ ಕಾಣುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೆಯ ಸೆಕ್ಷನ್ ಪ್ರಕಾರ ಸರಕಿನ ಬಗೆ, ಗುಣ, ಊರನ್ನು ಬರೀ ವಿವರಿಸುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. 'ಟೆರೇಸ್ ಗಾರ್ಡನ್ ಬೆಂಗಳೂರು' ಅಲ್ಲೇ ನಿಲ್ಲುತ್ತದೆ. ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಇದರಿಂದ ಪಾರಾಗುವುದಿಲ್ಲ, ಏಕೆಂದರೆ ಅರ್ಜಿಯಲ್ಲಿ ಪದದ ಅರ್ಥವನ್ನೂ ಕೊಡಬೇಕಾಗುತ್ತದೆ. ಹದ ಮಾಡಿದ ಮಣ್ಣನ್ನೇ ಚೀಲದಲ್ಲಿ ಮಾರುತ್ತ ಅದಕ್ಕೆ 'ಹದಮಣ್ಣು' ಎಂಬ ಹೆಸರಿಗೆ ಹಕ್ಕು ಕೇಳಿದರೆ ಅದೇ ಆಕ್ಷೇಪ ಬರಬಹುದು. 'ಮಹಡಿಸುಗ್ಗಿ' ಕೆಲಸವನ್ನು ವಿವರಿಸುವುದಿಲ್ಲ, ಸೂಚಿಸುತ್ತದೆ, ಆದ್ದರಿಂದ ಅದರ ಸ್ಥಾನ ಗಟ್ಟಿ. ವ್ಯಕ್ತಿಯ ಅಥವಾ ಸಣ್ಣ ಉದ್ದಿಮೆಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಕರ್ನಾಟಕದ ಅರ್ಜಿಗಳು ಚೆನ್ನೈನ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ಹುಡುಕಾಟದಲ್ಲಿ 'ಮಹಡಿಸುಗ್ಗಿ'ಗೆ ಅಡ್ಡಿ ಇಲ್ಲದಿದ್ದರೆ ಅದೇ ಬೋರ್ಡಿಗೆ. ಅಡ್ಡಿ ಸಿಕ್ಕರೆ ಹಾಳೆಗೆ ಹಿಂದಿರುಗಿ 'ಮಹಡಿ'ಯ ಸಾಲಿನಿಂದ ಇನ್ನೊಂದು ಪದ ಎತ್ತಿ 'ಸುಗ್ಗಿ'ಗೆ ಜೋಡಿಸಿ: ತಾರಸಿಸುಗ್ಗಿ, ಮಾಳಿಗೆಸುಗ್ಗಿ, ಅಂಗಳಸುಗ್ಗಿ. ಗೆಲ್ಲದ ಹೆಸರುಗಳನ್ನು ಎಸೆಯಬೇಡಿ. ಮಣ್ಣಿನ ಚೀಲದ ಮೇಲೆ 'ಹದಮಣ್ಣು' ಎಂದು ಬರೆದರೆ ಏನಿದೆ ಅನ್ನುವುದು ಗಿರಾಕಿಗೆ ಕೂಡಲೇ ತಿಳಿಯುತ್ತದೆ, ಅಲ್ಲಿ ವಿವರಿಸುವ ಹೆಸರೇ ಬೇಕು. ಸೊಪ್ಪು ಬೆಳೆಯುವ ಅಗಲದ ತೊಟ್ಟಿಗೆ 'ಪಚ್ಚೆಪಾತಿ' ಇರಲಿ, ಅದನ್ನು ಯಾರೂ ಇಂಗ್ಲಿಷಿನಲ್ಲಿ ಹುಡುಕುವುದಿಲ್ಲ. 'ಕೊನರು', ಬಾಡಿದ ತೋಟವನ್ನು ಮತ್ತೆ ಎಬ್ಬಿಸಿಕೊಡುವ ಮಳೆಗಾಲದ ಸೇವೆಗೆ.